ಅತ್ತೆ ಮನೆ ಗೋಡೆ ಯಾವ ಗುಂಪಿನ ಕಲ್ಲು?

ಅಕ್ಕನ ಮಗ ಸುಹಾಸ ಎಂಟನೇ ಕ್ಲಾಸು. ಅವನ ಪುಸ್ತಕದಲ್ಲಿ ಶಿಲಾಚಕ್ರದ ಚಿತ್ರ ಇದೆ. ಮೂರು ಡಬ್ಬಿ, ನಡುವೆ ಬಾಣಗಳು. ಅಗ್ನಿಶಿಲೆ, ಪದರುಶಿಲೆ, ರೂಪಾಂತರ ಶಿಲೆ. ರಜೆಗೆ ಹಿರಿಯಡ್ಕದ ಅತ್ತೆ ಮನೆಗೆ ಹೊರಟಾಗ ಅವನಿಗೆ ಒಂದು ಕೆಲಸ ಕೊಟ್ಟಿದ್ದರು. ಮೂರು ಗುಂಪಿನ ಒಂದೊಂದು ಕಲ್ಲನ್ನು ನೋಡಿ ಬರೆದುಕೊಂಡು ಬರಬೇಕು. ನಾನು ಒಂದು ಕಾಲದಲ್ಲಿ ಭೂವಿಜ್ಞಾನ ಓದಿದವನು. ಈಗ ಮಾಡುವ ಕೆಲಸ ಬೇರೆ. ಆದರೂ ರಸ್ತೆ ಬದಿ ಕಲ್ಲು ಕಂಡರೆ ಗಾಡಿ ನಿಲ್ಲಿಸುವ ಚಟ ಬಿಟ್ಟಿಲ್ಲ. ಹಾಗಾಗಿ ಈ ಜವಾಬ್ದಾರಿ ನನ್ನ ತಲೆಗೇ ಬಂತು.

ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು, ಹೆಬ್ರಿ ದಾಟಿ ಹಿರಿಯಡ್ಕ ಮುಟ್ಟುವಾಗ ಸಂಜೆ. ನವೆಂಬರ್ ಆದರೂ ಮಳೆ ಪೂರ್ತಿ ಬಿಟ್ಟಿರಲಿಲ್ಲ. ಸುಹಾಸ ಇಳಿದವನೇ ಅತ್ತೆ ಮನೆ ಗೋಡೆ ನೋಡಿ ನಿಂತುಬಿಟ್ಟ. ಗಾರೆ ಬಳಿಯದ ಹಳೇ ಮುರಕಲ್ಲಿನ ಗೋಡೆ. ಕೆಂಪು, ಮೈತುಂಬ ತೂತು.

"ಮಾಮ, ಇದು ಮೂರರಲ್ಲಿ ಯಾವುದು?"

ಗಾಡಿ ಓಡಿಸಿ ಸುಸ್ತಾಗಿತ್ತು. ನಾಳೆ ಹೇಳ್ತೀನಿ ಅಂದೆ. ನಿಜ ಹೇಳಬೇಕಂದ್ರೆ ಅದು ಅಷ್ಟು ಸುಲಭದ ಪ್ರಶ್ನೆಯೂ ಅಲ್ಲ.

ಮೊದಲ ದಿನ: ಕಾರ್ಕಳ

ಬೆಳಿಗ್ಗೆ ನೀರುದೋಸೆ, ಬೆಲ್ಲ-ಕಾಯಿ. ಅತ್ತೆಗೆ ನಾವು ಬಂದ ಉದ್ದೇಶ ಕೇಳಿ ನಗು. "ಕಲ್ಲು ನೋಡ್ಲಿಕ್ಕೆ ಅಷ್ಟು ದೂರದಿಂದ ಬಂದದ್ದಾ ಮಾರಾಯ? ಹಿತ್ತಿಲಲ್ಲಿ ಬೇಕಾದಷ್ಟು ಉಂಟು."

ಬೈಲೂರು ಮೇಲಿಂದ ಕಾರ್ಕಳದ ರಸ್ತೆ ಹಿಡಿದೆವು. ಎರಡೂ ಕಡೆ ಗಾಳಿಮರ, ರಬ್ಬರ್ ತೋಟ, ನಡುನಡುವೆ ಕೆಂಪು ಗುಡ್ಡ. ಗೊಮ್ಮಟನ ಬೆಟ್ಟವನ್ನು ಹತ್ತು ಗಂಟೆಯೊಳಗೆ ಹತ್ತಿ ಇಳಿಯುವುದು ಒಳ್ಳೆಯದು. ಆಮೇಲೆ ಬಂಡೆ ಕಾದು ಬರಿಗಾಲು ಇಡೋಕಾಗಲ್ಲ. ನಾವು ತಡ ಮಾಡಿದ್ದಕ್ಕೆ ಸುಹಾಸ ಕೊನೆಯ ಮೆಟ್ಟಿಲುಗಳನ್ನು ಕುಣಿಯುತ್ತಲೇ ಹತ್ತಿದ. 42 ಅಡಿಯ ಮೂರ್ತಿ, ನಿಲ್ಲಿಸಿದ್ದು 1432ರಲ್ಲಿ. ಆರು ನೂರು ಮಳೆಗಾಲ ಹತ್ತಿರ ಬಂತು. ಇನ್ನೂ ಮುಖದ ಗೆರೆ ಅಳಿದಿಲ್ಲ.

ಆದರೆ ನನಗೆ ತೋರಿಸಬೇಕಿದ್ದದ್ದು ಮೂರ್ತಿಯನ್ನಲ್ಲ. ಇಳಿದು ಬರುವಾಗ ಊರಾಚೆ ಗದ್ದೆಯಂಚಿನಲ್ಲಿ ಒಂದು ಪಾದೆ ಕಂಡಿತು. ನಮ್ಮ ಕಡೆಯ ಹಾಸುಬಂಡೆಗೆ ಇಲ್ಲಿ ಪಾದೆ ಅಂತಾರೆ. ಅರ್ಧ ಭಾಗವನ್ನು ಯಾರೋ ಹಿಂದೆ ಒಡೆದು ಒಯ್ದಿದ್ದರು, ಹಾಗಾಗಿ ಹೊಸ ಮೈ ಕಾಣುತ್ತಿತ್ತು. ಇದನ್ನು ಮರೆಯಬಾರದು. ಕಲ್ಲು ಗುರುತಿಸಬೇಕಾದರೆ ಒಡೆದ ಮೈಯನ್ನೇ ನೋಡಬೇಕು. ಹಳೇ ಮೈಗೆ ಪಾಚಿ, ಮಳೆಯ ಕಪ್ಪು ಮೆತ್ತಿ ಎಲ್ಲ ಕಲ್ಲೂ ಒಂದೇ ಥರ ಕಾಣುತ್ತೆ.

ಸುಹಾಸನ ಕೈಗೆ ಭೂತಗನ್ನಡಿ ಕೊಟ್ಟೆ. ಮೊದಲು ಅವನಿಗೆ ಗಾಜಿನ ಚೂರಿನ ಹಾಗಿದ್ದ ಬೂದು ಕಾಳು ಕಂಡಿತು. ಅದು ಬೆಣಚು. ಪಕ್ಕದಲ್ಲಿ ಹಾಲಿನ ಬಣ್ಣದ, ಚಪ್ಪಟೆ ಮುಖದ ಕಾಳು ಫೆಲ್ಡ್‌ಸ್ಪಾರ್. ಬಿಸಿಲಿಗೆ ಮಿಣಕ್ ಅನ್ನುವ ಕಪ್ಪು ಹಾಳೆ ಕಾಗೆಬಂಗಾರ. ಉಗುರಿನಿಂದ ಎಬ್ಬಿಸಿದರೆ ಈರುಳ್ಳಿ ಸಿಪ್ಪೆಯಂತೆ ಪದರು ಏಳುತ್ತೆ.

"ಹಾಗಾದ್ರೆ ಇದು ಗ್ರಾನೈಟ್. ಅಗ್ನಿಶಿಲೆ" ಅಂತ ಬರೆಯೋಕೆ ಹೊರಟ.

"ಎರಡು ಹೆಜ್ಜೆ ಹಿಂದೆ ಬಾ" ಅಂದೆ.

ಹಿಂದೆ ನಿಂತು ನೋಡಿದರೆ ಬಂಡೆಯಲ್ಲಿ ಪಟ್ಟಿಗಳು ಕಾಣುತ್ತವೆ. ಒಂದು ಬಿಳಿ, ಒಂದು ಕಪ್ಪು, ಮತ್ತೆ ಬಿಳಿ. ಕೆಲವು ಕಡೆ ನೆಟ್ಟಗೆ, ಕೆಲವು ಕಡೆ ಹಿಟ್ಟು ನಾದಿದ ಹಾಗೆ ಮಡಚಿಕೊಂಡಿವೆ. ಗ್ರಾನೈಟಿನಲ್ಲಿ ಕಾಳುಗಳು ಉಪ್ಪಿಟ್ಟಿನಂತೆ ಯಾವ ದಿಕ್ಕೂ ಇಲ್ಲದೆ ಬೆರೆತಿರುತ್ತವೆ. ಇಲ್ಲಿ ಕಾಗೆಬಂಗಾರದ ಹಾಳೆಗಳೆಲ್ಲ ಒಂದೇ ಕಡೆಗೆ ಮಲಗಿವೆ. ಕಾಳುಗಳು ಅವೇ, ಜೋಡಣೆ ಬೇರೆ. ಇದು ನೈಸ್, ಅಂದರೆ ರೂಪಾಂತರ ಶಿಲೆ. ಹತ್ತು ಕಿಲೋಮೀಟರಿಗಿಂತ ಹೆಚ್ಚು ಆಳದಲ್ಲಿ, ಕರಗುವುದಕ್ಕೆ ಸ್ವಲ್ಪವೇ ಕಡಿಮೆ ಬಿಸಿಯಲ್ಲಿ, ಒತ್ತಡಕ್ಕೆ ಸಿಕ್ಕಿ ಕಾಳುಗಳು ಸಾಲುಗಟ್ಟಿದ್ದು. ಕರ್ನಾಟಕದ ಅರ್ಧಕ್ಕರ್ಧ ನೆಲದ ಅಡಿಯಲ್ಲಿ ಇರುವುದು ಈ ಬಗೆಯ ನೈಸೇ. ವಯಸ್ಸು ಸುಮಾರು 300 ಕೋಟಿ ವರ್ಷ. ಅದಕ್ಕೂ ಮುಂಚೆ ಇದು ಗ್ರಾನೈಟಿನ ಜಾತಿಯ ಅಗ್ನಿಶಿಲೆಯೇ ಆಗಿತ್ತು. ಹಾಗಾಗಿ ಸುಹಾಸ ಪೂರ್ತಿ ತಪ್ಪು ಹೇಳಿರಲಿಲ್ಲ, ಒಂದು ಬಾಣ ಹಿಂದಿದ್ದ ಅಷ್ಟೆ.

"ಅಷ್ಟು ಆಳದ್ದು ಮೇಲೆ ಹೇಗೆ ಬಂತು?"

ಮೇಲಿದ್ದದ್ದು ಸವೆದು ಹೋಯಿತು. ಹತ್ತು ಕಿಲೋಮೀಟರ್ ದಪ್ಪದ ಕಲ್ಲು ಮಳೆ, ಹೊಳೆಯ ಪಾಲಾಗಿ ಕಡಲಿಗೆ ಹೋಯಿತು. ಹೊರೆ ಇಳಿದ ಹಾಗೆ ಅಡಿಯದ್ದು ನಿಧಾನಕ್ಕೆ ಮೇಲೆದ್ದಿತು. ಅವನು ಆ ಗದ್ದೆಯ ಮೇಲಿನ ಖಾಲಿ ಆಕಾಶವನ್ನೇ ಸ್ವಲ್ಪ ಹೊತ್ತು ನೋಡಿದ. ನಾನು ಕಾಲೇಜಿನಲ್ಲಿ ಇದನ್ನು ಮೊದಲು ಕೇಳಿದಾಗ ಹಾಗೇ ನೋಡಿದ್ದೆ.

ಎರಡನೇ ದಿನ: ಕಲ್ಲಿನ ಪಣೆ

ಅತ್ತೆ ಮನೆಯಿಂದ ಮೂರ್ನಾಲ್ಕು ಕಿಲೋಮೀಟರಿಗೆ ಒಂದು ಮುರಕಲ್ಲಿನ ಪಣೆ ಇದೆ. ಅತ್ತೆಯ ಪರಿಚಯದವರದ್ದು. ಸುಮ್ನೆ ಪಣೆಗೆ ನುಗ್ಗಬೇಡಿ, ಯಾರದ್ದಾದರೂ ಜೊತೆ ಬೇಕು. ಬಿಟ್ಟ ಹಳೇ ಹೊಂಡಗಳಲ್ಲಿ ಮಳೆನೀರು ತುಂಬಿರುತ್ತೆ, ಅಂಚು ನೆಟ್ಟಗೆ ಗೋಡೆಯ ಹಾಗಿರುತ್ತೆ, ಬಿದ್ದರೆ ಹಿಡಿಯಲು ಏನೂ ಸಿಗಲ್ಲ. ನಮ್ಮ ಜೊತೆ ಬಂದ ಮೇಸ್ತ್ರಿ ಮೊದಲು ಹೇಳಿದ್ದೇ ಅದು. "ಮಾಣಿಯನ್ನು ಆ ಕಡೆ ಬಿಡ್ಬೇಡಿ ಸಾರ್."

ಈಗೆಲ್ಲ ಯಂತ್ರ. ದೊಡ್ಡ ಗರಗಸದ ಚಕ್ರ ನೆಲದ ಮೇಲೆ ಓಡುತ್ತೆ, ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ. ಆಮೇಲೆ ಬುಡಕ್ಕೆ ಹಾರೆ ಕೊಟ್ಟು ಕಲ್ಲು ಎಬ್ಬಿಸುತ್ತಾರೆ. ಮೇಸ್ತ್ರಿಯ ತಂದೆ ಪಿಕ್ಕಾಸಿನಲ್ಲೇ ಕಡಿಯುತ್ತಿದ್ದರಂತೆ. ಕೆಂಪು ಧೂಳು ನಮ್ಮ ರೆಪ್ಪೆಗೂ ಮೆತ್ತಿತು. ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದು ನನ್ನ ತಪ್ಪು. ಆ ಅಂಗಿ ಇನ್ನೂ ಬಿಳಿ ಆಗಿಲ್ಲ.

ಹೊಂಡದ ಗೋಡೆ ಎದುರು ನಿಂತರೆ ಮೇಲಿಂದ ಕೆಳಗೆ ಒಂದು ಕಥೆ ಬರೆದಿಟ್ಟ ಹಾಗೆ. ಮೇಲೆ ಗೇಣುದ್ದ ಮಣ್ಣು, ಹುಲ್ಲಿನ ಬೇರು. ಅದರ ಕೆಳಗೆ ಕಂದು ಬಣ್ಣದ ಗಟ್ಟಿ ಹೊದಿಕೆ. ಮೇಸ್ತ್ರಿ ಅದನ್ನು ಕಡೆಗಣಿಸುತ್ತಾರೆ, ಗರಗಸದ ಹಲ್ಲು ಹೋಗುತ್ತಂತೆ. ಅದರಡಿ ಒಳ್ಳೇ ಕಲ್ಲು. ಇನ್ನೂ ಇಳಿದರೆ ಕೆಂಪಿನ ನಡುವೆ ಹಳದಿ, ಬಿಳಿ ಮಚ್ಚೆ ಜಾಸ್ತಿಯಾಗುತ್ತೆ. ತಳದಲ್ಲಿ ಕೆಂಪು ಮುಗಿದು ಮೆತ್ತನೆಯ ಬಿಳಿ-ಗುಲಾಬಿ ಮಣ್ಣು ಬರುತ್ತೆ.

"ಶೇಡಿ ಬಂತು ಅಂದ್ರೆ ಪಣೆ ಮುಗೀತು" ಅಂದರು ಮೇಸ್ತ್ರಿ.

"ಬಾವಿ ತೋಡುವಾಗ?"

"ಮುರ, ಮತ್ತೆ ಶೇಡಿ, ಮತ್ತೆ ಪಾದೆ. ಪಾದೆ ಮೇಲೆ ನೀರು."

ನಾನು ಎರಡು ವರ್ಷ ಓದಿದ್ದನ್ನು ಅವರು ಒಂದು ಸಾಲಿನಲ್ಲಿ ಹೇಳಿದ್ದರು.

ನಾನು ಶೇಡಿಯ ಹತ್ತಿರ ಕುಳಿತು ಚಾಕುವಿನಿಂದ ಒಂದು ಅಡಿ ಅಗಲ ಕೆರೆದೆ. ಮೇಲಿನ ಕೊಳೆ ಹೋದ ಮೇಲೆ ಸುಹಾಸನೇ ಕಿರುಚಿದ, "ಮಾಮ, ನಿನ್ನೆಯ ಪಟ್ಟಿ!"

ಹೌದು, ಅದೇ. ಒಂದು ತೆಳು ಬಿಳಿ ಪಟ್ಟಿ, ಒಂದು ತುಕ್ಕು ಬಣ್ಣದ ಪಟ್ಟಿ, ಮತ್ತೆ ಬಿಳಿ. ನೈಸಿನ ಗೆರೆಗಳೆಲ್ಲ ಇದ್ದಲ್ಲೇ ಇವೆ, ಆದರೆ ಕಲ್ಲು ಇಲ್ಲ. ಬೆರಳಿನಿಂದ ಒತ್ತಿದರೆ ತಗ್ಗು ಬೀಳುತ್ತೆ. ನಡುವೆ ಹೆಬ್ಬೆರಳು ದಪ್ಪದ ಬೆಣಚಿನ ಗೆರೆಯೊಂದು ಮಾತ್ರ ಏನೂ ಆಗದ ಹಾಗೆ ಗಟ್ಟಿಯಾಗಿ ನಿಂತಿತ್ತು. ಮುರಕಲ್ಲು ಬೇರೆಲ್ಲಿಂದಲೋ ಬಂದು ಕೂತಿದ್ದಲ್ಲ, ಅಡಿಯ ಬಂಡೆಯೇ ಕೊಳೆತು ಆದದ್ದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹೊಳೆ ತಂದು ಸುರಿದ ಮಣ್ಣಾಗಿದ್ದರೆ ಈ ಗೆರೆಗಳು ಉಳಿಯುತ್ತಿರಲಿಲ್ಲ.

ಕೊಳೆಯೋದು ಹೀಗೆ. ಮಳೆನೀರು ಗಾಳಿಯಿಂದ, ಎಲೆ ಕೊಳೆತ ಮಣ್ಣಿನಿಂದ ಸ್ವಲ್ಪ ಹುಳಿ ಹೀರಿಕೊಂಡು ಬಿರುಕಿಗೆ ಇಳಿಯುತ್ತೆ. ಮೊದಲು ಸೋಲುವುದು ಫೆಲ್ಡ್‌ಸ್ಪಾರ್. ಅದರೊಳಗಿನ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ನೀರಿಗೆ ಕರಗಿ ಹೋಗುತ್ತವೆ. ಉಳಿಯುವುದು ಬಿಳಿ ಜೇಡಿ, ಅಂದರೆ ಶೇಡಿ. ಕಾಗೆಬಂಗಾರದಂಥ ಕಪ್ಪು ಕಾಳುಗಳಿಂದ ಕಬ್ಬಿಣ ಹೊರಬೀಳುತ್ತೆ. ಕರಾವಳಿಯಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆಗ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತೆ. ಬೇಸಿಗೆಗೆ ತಳ ಸೇರುತ್ತೆ. ನೀರು ಏರಿದಾಗ ಗಾಳಿ ಸಿಗದೆ ಕಬ್ಬಿಣ ಕರಗಿ ಓಡಾಡುತ್ತೆ, ಇಳಿದಾಗ ಗಾಳಿ ತಗುಲಿ ತುಕ್ಕಾಗಿ ಅಲ್ಲೇ ಅಂಟಿಕೊಳ್ಳುತ್ತೆ. ಲಕ್ಷಾಂತರ ವರ್ಷ ಹೀಗೆ ಏರಿಳಿದು, ಶೇಡಿಯ ಮೇಲ್ಭಾಗ ತುಕ್ಕಿನ ಬಲೆಯಾಗುತ್ತೆ. ಬಲೆಯ ನಡುವಿನ ಮೆತ್ತನೆ ಜೇಡಿ ತೊಳೆದು ಹೋದಲ್ಲಿ ತೂತು.

ಕಡಿದ ತಕ್ಷಣದ ಕಲ್ಲು ಒಳಗೆ ಹಸಿಯಾಗಿರುತ್ತೆ, ಕತ್ತಿಯಲ್ಲೂ ಕೆತ್ತಬಹುದು. ಗಾಳಿ-ಬಿಸಿಲಿಗೆ ಬಿಟ್ಟರೆ ಕಬ್ಬಿಣದ ಅಂಟು ನೀರು ಕಳಕೊಂಡು ಗಟ್ಟಿಯಾಗುತ್ತೆ. ಇಟ್ಟಿಗೆಯಂತೆ ಕಡಿದು ಕಟ್ಟುವುದನ್ನು ಕೇರಳದ ಅಂಗಡಿಪುರಂನಲ್ಲಿ ನೋಡಿದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಲೇಟರ್ ಅಂದರೆ ಇಟ್ಟಿಗೆ. ಅವನು ನಮ್ಮ ಕೆನರಾವನ್ನೂ ಸುತ್ತಿದವನೇ. ಪ್ರವಾಸದ ಪುಸ್ತಕ ಬಂದದ್ದು 1807ರಲ್ಲಿ.

ಒಳ್ಳೇ ಕಲ್ಲು ಆರಿಸುವುದು ಹೇಗೆ ಅಂತ ಮೇಸ್ತ್ರಿಗೆ ಕೇಳಿದೆ. ಎರಡು ಕಲ್ಲು ಎತ್ತಿ ಮುಂದಿಟ್ಟರು. ಒಂದಕ್ಕೆ ಸುತ್ತಿಗೆಯಿಂದ ತಟ್ಟಿದರು, ಟಣ್ ಅಂತು. ಇನ್ನೊಂದಕ್ಕೆ ತಟ್ಟಿದರು, ಡಬ್ ಅಂತು. ಎರಡನೆಯದರ ತೂತುಗಳಲ್ಲಿ ಹಳದಿ-ಬಿಳಿ ಜೇಡಿ ತುಂಬಿತ್ತು. "ಇದಕ್ಕೆ ಮಳೆ ಹೊಡೆದ್ರೆ ಶೇಡಿ ಕರಗಿ ಹೋಗ್ತದೆ. ಕಂಪೌಂಡಿಗೂ ಆಗೂದಿಲ್ಲ."

ಮಧ್ಯಾಹ್ನ ಅತ್ತೆ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಬಂಗುಡೆ ಪುಳಿಮುಂಚಿ. ಸುಹಾಸ ಪುಸ್ತಕ ತೆರೆದು ಕೂತ. ಮುರಕಲ್ಲು ಕರಗಿ ತಣ್ಣಗಾದದ್ದಲ್ಲ, ಹಾಗಾಗಿ ಅಗ್ನಿಶಿಲೆ ಅಲ್ಲ. ಬಿಸಿ-ಒತ್ತಡದಲ್ಲಿ ಬದಲಾಗಿದ್ದಲ್ಲ, ಹಾಗಾಗಿ ರೂಪಾಂತರವೂ ಅಲ್ಲ. ಸಾಗಿ ಬಂದು ಪದರು ಪದರಾಗಿ ಕೂತದ್ದೂ ಅಲ್ಲ. ಕೆಲವರು ಇದನ್ನು ಪದರುಶಿಲೆಯ ಪಕ್ಕದಲ್ಲಿ 'ಉಳಿಕೆ ಕಲ್ಲು' ಅಂತ ಸೇರಿಸುತ್ತಾರೆ. ನನಗೆ ಅದು ಬಲವಂತದ ಕೂರಿಸುವಿಕೆ ಅನಿಸುತ್ತೆ. ಇದು ಡಬ್ಬಿಯಲ್ಲಿಲ್ಲ, ಬಾಣದ ಮೇಲಿದೆ. ಬಂಡೆ ಸವೆದು ಮರಳಾಗುವ ದಾರಿಯಲ್ಲಿ ಹೊರಡದೆ ಉಳಿದದ್ದು.

ಅತ್ತೆ ಮೀನಿನ ಮುಳ್ಳು ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು. "ಅಂದ್ರೆ ಕೆಲವು ಬೊಂಬಾಯಿಗೆ ಹೋದವು, ಕೆಲವು ಊರಲ್ಲೇ ಕೂತವು. ನಮ್ಮನೆ ಹಾಗೇ."

ಹೋದದ್ದು ಎಲ್ಲಿಗೆ ಅಂತ ನೋಡೋದು ಮರುದಿನದ ಕೆಲಸವಾಯಿತು.

ಮೂರನೇ ದಿನ: ಕೋಡಿ ಬೆಂಗ್ರೆ

ಕಾರ್ಕಳದ ಕಡೆಯ ಮಳೆನೀರನ್ನು ಹೊತ್ತು ಬರುವುದು ಸ್ವರ್ಣಾ ನದಿ. ಹಿರಿಯಡ್ಕದ ಹತ್ತಿರ ಬಜೆಯಲ್ಲಿ ಅಣೆಕಟ್ಟಿಗೆ ಸಿಕ್ಕಿ, ಉಡುಪಿಗೆ ಕುಡಿಯೋಕೆ ನೀರು ಕೊಟ್ಟು, ಕಲ್ಯಾಣಪುರ ದಾಟಿ, ಕೋಡಿ ಬೆಂಗ್ರೆಯಲ್ಲಿ ಸೀತಾ ನದಿಯ ಜೊತೆ ಸೇರಿ ಕಡಲಿಗೆ ಹೋಗುತ್ತೆ. ಬೆಳಿಗ್ಗೆ ಹೊಳೆಬದಿಯಲ್ಲಿ ಇಳಿದು ಒಂದು ಹಿಡಿ ಮರಳನ್ನು ಪೊಟ್ಟಣ ಕಟ್ಟಿಕೊಂಡೆವು. ಆಮೇಲೆ ಹೂಡೆ ಮೇಲಿಂದ ಬೆಂಗ್ರೆಗೆ.

ಆ ರಸ್ತೆಗೇ ಒಮ್ಮೆ ಹೋಗಬೇಕು. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಒಂದು ಸಾಲು ತೆಂಗು, ಮನೆ, ಒಣಹಾಕಿದ ಬಲೆ. ಎದುರು ಬಸ್ಸು ಬಂದರೆ ಯಾರದ್ದಾದರೂ ಅಂಗಳಕ್ಕೇ ಗಾಡಿ ಹಾಕಬೇಕು. ನಾವು ಹಾಕಿದ ಅಂಗಳದ ಅಜ್ಜಿ ಬೈಯಲಿಲ್ಲ, ನೀರು ಬೇಕಾ ಅಂತ ಕೇಳಿದರು.

ಬೆಂಗ್ರೆಯ ತುದಿಯಲ್ಲಿ ಎರಡೂ ಮರಳನ್ನು ಬಿಳಿ ಕಾಗದದ ಮೇಲೆ ಹರಡಿದೆವು. ಹೊಳೆಯದ್ದರಲ್ಲಿ ದಪ್ಪ ಕಾಳು, ಸಣ್ಣ ಕಾಳು, ಕೆಸರು ಎಲ್ಲ ಕಲಸುಮೇಲೋಗರ, ಅಂಚುಗಳು ಚೂಪು. ಕಡಲಿನದ್ದು ಜರಡಿ ಹಿಡಿದ ಹಾಗೆ ಹೆಚ್ಚುಕಡಿಮೆ ಒಂದೇ ಅಳತೆ, ಅಂಚು ಸ್ವಲ್ಪ ಮೊಂಡು. ಎರಡರಲ್ಲೂ ಬಹುಪಾಲು ಬೆಣಚೇ. ಮೊನ್ನೆ ಪಾದೆಯಲ್ಲಿ ಅಷ್ಟೊಂದಿದ್ದ ಫೆಲ್ಡ್‌ಸ್ಪಾರ್ ಎಲ್ಲಿ ಹೋಯಿತು ಅಂತ ಸುಹಾಸನನ್ನು ಕೇಳಿದೆ. "ಶೇಡಿ ಆಯ್ತಲ್ಲ" ಅಂದ. ಅಷ್ಟು ಹೊತ್ತು ಕಾಗದ ಹಿಡಿದದ್ದಕ್ಕೆ ಸಾರ್ಥಕ ಅನಿಸಿತು.

ಅಲೆ ಹಿಂದೆ ಸರಿದಲ್ಲಿ ಮರಳಿನ ಮೇಲೆ ಕಪ್ಪು ಗೆರೆಗಳಿದ್ದವು. ಎಣ್ಣೆ ಚೆಲ್ಲಿದೆ ಅಂದುಕೊಂಡ. ಅದೂ ಬಂಡೆಯದ್ದೇ, ಮ್ಯಾಗ್ನೆಟೈಟ್, ಇಲ್ಮನೈಟ್ ಅನ್ನೋ ಭಾರದ ಕಾಳುಗಳು. ಅಲೆ ಹಗುರವಾದ ಬೆಣಚನ್ನು ಎಳೆದೊಯ್ಯುತ್ತೆ, ಭಾರದ್ದು ಅಲ್ಲೇ ಉಳಿಯುತ್ತೆ. ಅಕ್ಕಿ ಗಾಳಿಸುವಾಗ ಕಲ್ಲು ತಳ ಸೇರೋದಿಲ್ವಾ, ಹಾಗೆ. ಹಳೇ ಸ್ಪೀಕರಿನ ಅಯಸ್ಕಾಂತ ತಂದಿದ್ದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಡಿಯಬೇಕು ಅಂತ ಹೇಳುವಷ್ಟರಲ್ಲಿ ಅವನು ಬರೀ ಅಯಸ್ಕಾಂತವನ್ನೇ ಮರಳಿಗೆ ಒತ್ತಿದ್ದ. ಮುಳ್ಳುಹಂದಿಯ ಹಾಗೆ ಕಪ್ಪು ಕೂದಲು ಎದ್ದು ನಿಂತವು. ಎಷ್ಟು ಒರೆಸಿದರೂ ಹೋಗಲಿಲ್ಲ. ರಾತ್ರಿ ಅತ್ತೆ ಗೋಧಿಹಿಟ್ಟು ನಾದಿ ಅದರಿಂದ ಒತ್ತಿ ಒತ್ತಿ ತೆಗೆದರು.

"ಈಗ ಇದು ಪದರುಶಿಲೆ ಅಂತ ಬರೀಲಾ?"

ಇನ್ನೂ ಇಲ್ಲ. ಇದು ಬರೀ ಮರಳು. ಇದರ ಮೇಲೆ ಇನ್ನಷ್ಟು ಮರಳು, ಕೆಸರು ಬಿದ್ದು, ನೆಲ ಕುಸಿದು, ನೂರಾರು ಮೀಟರ್ ಅಡಿಗೆ ಹೋಗಿ, ನೀರಿನಲ್ಲಿ ಕರಗಿದ ಸಿಲಿಕಾ ಅಥವಾ ಸುಣ್ಣ ಕಾಳುಗಳ ನಡುವೆ ಅಂಟಿನಂತೆ ಕೂತರೆ ಮರಳುಗಲ್ಲು. ಇಲ್ಲಿ ಹಾಗೆ ಕೂರೋಕೆ ಕಡಲು ಬಿಡಲ್ಲ. ಮಳೆಗಾಲಕ್ಕೆ ಕೊರೆಯುತ್ತೆ, ಬೇಸಿಗೆಗೆ ಅಷ್ಟಿಷ್ಟು ತಂದಿಡುತ್ತೆ. ಗಟ್ಟಿ ಪದರುಶಿಲೆ ನೋಡಬೇಕಾದರೆ ಬಾದಾಮಿಗೆ ಹೋಗಬೇಕು. ಅವನ ಮುಖ ಸಣ್ಣಗಾಯಿತು. ಪಟ್ಟಿಯಲ್ಲಿ ಒಂದು ಸಾಲು ಖಾಲಿ ಉಳಿಯಿತಲ್ಲ.

ನಾಲ್ಕನೇ ದಿನ: ಸೇಂಟ್ ಮೇರೀಸ್ ದ್ವೀಪ

ಮಲ್ಪೆಯಲ್ಲಿ ಬೆಳಿಗ್ಗೆ ಗಾಳಿ ಜೋರು, ಬೋಟ್ ಬಿಡಲಿಲ್ಲ. ಎರಡು ಗಂಟೆ ಕಾಯಬೇಕಾಯಿತು. ಗೋಳಿಬಜೆ, ಚಾ, ಮತ್ತೆ ಗೋಳಿಬಜೆ. ಮಳೆಗಾಲದಲ್ಲಂತೂ ಬೋಟ್ ಇರೋದೇ ಇಲ್ಲ, ಉಳಿದ ತಿಂಗಳಲ್ಲೂ ಇಡೀ ದಿನ ಕೈಯಲ್ಲಿಟ್ಟುಕೊಂಡೇ ಹೋಗಿ.

ದ್ವೀಪದಲ್ಲಿ ಇಳಿದರೆ ಕಲ್ಲಿನ ಕಂಬಗಳ ಕಾಡು. ಸುಹಾಸ ಒಂದು ಕಂಬದ ತಲೆಯ ಮೇಲೆ ಕೂತು ಮೂಲೆ ಎಣಿಸಿದ. ಆರು. ಪಕ್ಕದ್ದು ಐದು. ಅದರಾಚೆಯದ್ದು ಮತ್ತೆ ಆರು, ಒಂದು ನಾಲ್ಕೂ ಸಿಕ್ಕಿತು. ಯಾರೂ ಕೆತ್ತಿದ್ದಲ್ಲ. ಲಾವಾ ಆರುವಾಗ ಕುಗ್ಗುತ್ತೆ, ಕುಗ್ಗಿದಾಗ ಬಿರಿಯುತ್ತೆ. ಕೆರೆ ಒಣಗಿದಾಗ ಕೆಸರು ಬಿರಿಯುವಂತೆಯೇ, ಆದರೆ ಇಲ್ಲಿ ತಂಪು ಒಳಗಿಳಿದ ಹಾಗೆ ಬಿರುಕೂ ಇಳಿಯುತ್ತಾ ಹೋಗಿ ಕಂಬವಾಯಿತು.

ಇದನ್ನು ಎಲ್ಲರೂ ಬಸಾಲ್ಟ್ ಅಂತಾರೆ. ಕಂಬ ಕಂಡರೆ ಬಸಾಲ್ಟ್ ಅನ್ನೋದು ಅಭ್ಯಾಸ. ಆದರೆ ರಾಸಾಯನಿಕವಾಗಿ ಪರೀಕ್ಷಿಸಿದಾಗ ಇದು ಸಿಲಿಕಾ ಜಾಸ್ತಿ ಇರುವ ರಯೋಲೈಟ್, ರಯೋಡೇಸೈಟ್ ಜಾತಿಯ ಲಾವಾ ಅಂತ ಗೊತ್ತಾಗಿದೆ. ಬರೀ ಕಣ್ಣಿಗೆ ಹೇಳೋದು ಕಷ್ಟ, ಕಡಲ ಗಾಳಿಗೆ ಮೈ ಕಪ್ಪಾಗಿರುತ್ತೆ. ವಯಸ್ಸು ಸುಮಾರು 9 ಕೋಟಿ ವರ್ಷ. ಮಡಗಾಸ್ಕರ್ ನಮ್ಮ ಪಶ್ಚಿಮ ತೀರದಿಂದ ಬಿಟ್ಟುಹೋದ ಹೊತ್ತಿನದ್ದು. ಅದೇ ಕಾಲದ ಲಾವಾ ಅಲ್ಲೂ ಇದೆ. ಅಂದರೆ ಮೊದಲ ದಿನ ನೋಡಿದ ನೈಸ್ ಆಗಲೇ ಇನ್ನೂರ ತೊಂಬತ್ತು ಕೋಟಿ ವರ್ಷದ ಮುದುಕ. ಅಗ್ನಿಶಿಲೆ ಅಂದರೆ ಮೊದಲನೆಯದು, ಹಳೆಯದು ಅಂತ ಪುಸ್ತಕದ ಚಿತ್ರ ನೋಡಿ ಅನಿಸುತ್ತೆ ಅಲ್ವಾ? ಇಲ್ಲಿ ಅದೇ ಹಸುಗೂಸು.

ಖಾಲಿ ಸಾಲಿಗೂ ಇಲ್ಲೇ ಅರ್ಧ ಉತ್ತರ ಸಿಕ್ಕಿತು. ದ್ವೀಪದ ಒಂದು ಬದಿಯಲ್ಲಿ ಮರಳೇ ಇಲ್ಲ, ಬರೀ ಚಿಪ್ಪು, ಚಿಪ್ಪಿನ ಚೂರು. ಹಿಂದಿನ ರಾತ್ರಿ ಮೀನಿನ ಜೊತೆ ಉಳಿದ ಅರ್ಧ ನಿಂಬೆ ನನ್ನ ಜೇಬಲ್ಲಿತ್ತು. ಚಿಪ್ಪಿನ ಪುಡಿಗೆ ನಾಲ್ಕು ಹನಿ ಹಿಂಡಿದೆ. ಸಣ್ಣಗೆ ಗುಳ್ಳೆ ಎದ್ದವು. ಬೆಂಗ್ರೆಯ ಮರಳಿಗೆ ಹಿಂಡಿದೆ, ಚಿಪ್ಪಿನ ಒಂದೆರಡು ಚೂರಿನ ಹತ್ತಿರ ಬಿಟ್ಟರೆ ಏನೂ ಇಲ್ಲ. ಸುಣ್ಣ ಹುಳಿಗೆ ಕರಗುತ್ತೆ, ಬೆಣಚು ಕರಗಲ್ಲ. ಈ ಚಿಪ್ಪುಗಳು ರಾಶಿ ಬಿದ್ದು ಅಂಟಿಕೊಂಡರೆ ಸುಣ್ಣಕಲ್ಲು, ಬೆಂಗ್ರೆಯದ್ದು ಅಂಟಿಕೊಂಡರೆ ಮರಳುಗಲ್ಲು. ಒಂದು ಚಿಪ್ಪು ಜೇಬಿಗಿಳಿಸಲು ಹೊರಟವನನ್ನು ತಡೆದೆ. ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಕಲ್ಲು-ಚಿಪ್ಪು ಅಲ್ಲೇ ಇರಬೇಕು. ಫೋಟೋ ತೆಗೆದುಕೊಂಡ.

ವಾಪಸ್ ಬೋಟಿನಲ್ಲಿ ಅಲೆ ಜೋರಾಗಿ ಹೊಡೆದು ನೋಟ್‌ಬುಕ್ಕಿನ ಅರ್ಧ ಹಾಳೆ ನೆನೆಯಿತು. ಶಾಯಿ ಹರಡಿ ಅಗ್ನಿಶಿಲೆಯ ಡಬ್ಬಿ ರೂಪಾಂತರದೊಳಗೆ ಇಳಿದಿತ್ತು. ಮನೆಗೆ ಬಂದು ಹೊಸದಾಗಿ ಬರೆದ. ಮೂರು ಡಬ್ಬಿ, ಬಾಣಗಳು. ಪದರುಶಿಲೆಯ ಡಬ್ಬಿಯನ್ನು ಚುಕ್ಕಿ ಗೆರೆಯಲ್ಲಿ ಎಳೆದು 'ಇನ್ನೂ ಆಗಿಲ್ಲ' ಅಂತ ಬರೆದ. ಸವೆತದ ಬಾಣದ ಮೇಲೆ ಕೆಂಪು ಪೆನ್ಸಿಲಿನಲ್ಲಿ ತೂತುತೂತಿನ ಒಂದು ಮನೆ, ಬಾಗಿಲಲ್ಲಿ ಅತ್ತೆ.

ಮುಂದಿನ ವಾರ ಅಕ್ಕ ಆ ಹಾಳೆಯ ಫೋಟೋ ಕಳಿಸಿದಳು. ಟೀಚರ್ ಮನೆಯ ಸುತ್ತ ಒಂದು ಗೆರೆ ಹಾಕಿ, ಪಕ್ಕದಲ್ಲಿ ಬರೆದಿದ್ದರು: 'ಇದು ಯಾಕೆ ಇಲ್ಲಿದೆ? ಕ್ಲಾಸಿನಲ್ಲಿ ಬಂದು ಹೇಳು.'